‘ಬೈ’ ಬೇಡ, ‘ಹೋಗಿ ಬರ್ತೀನಿ’ ಸಾಕು: ಸೋಶಿಯಲ್ ಮೀಡಿಯಾ ಬ್ರೇಕ್ ಪೋಸ್ಟನ್ನು 4 ಸಾಲಿಗೆ ಇಳಿಸೋದು ಹೇಗೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಚಿಕ್ಕದು ಮಾಡಿದ್ದೇವೆ.)

ಇವತ್ತಿನ ವಿಷಯ ತುಂಬಾ ಚಿಕ್ಕದು, ಒಂದೇ ಒಂದು ಪೋಸ್ಟ್. ಸೋಶಿಯಲ್ ಮೀಡಿಯಾದಿಂದ ಸ್ವಲ್ಪ ದಿನ ದೂರ ಇರ್ತೀನಿ ಅಂತ ಹೇಳೋ ಪೋಸ್ಟ್. ನಿಮ್ಮ ಫೀಡಲ್ಲಿ ಇಂಥದ್ದು ಎಷ್ಟೋ ನೋಡಿರ್ತೀರಿ. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ಓದ್ತಾ ಹೋದ್ರೆ ಮುಗಿಯೋದೇ ಇಲ್ಲ. ಬರೆದವರು 10 ದಿನ ಬಿಟ್ಟು ವಾಪಸ್ ಬಂದಾಗ ಅವರಿಗೇ ಮುಜುಗರ. ಹಾಗಾಗಿ ಆ ಪೋಸ್ಟನ್ನ ಡಿಲೀಟ್ ಮಾಡಿ, ಏನೂ ಆಗಿಲ್ಲ ಅನ್ನೋ ಥರ ಒಂದು ಸೆಲ್ಫಿ ಹಾಕ್ತಾರೆ.

ಬ್ರೇಕ್ ತಗೊಳ್ಳೋದು ಸರೀನಾ ತಪ್ಪಾ ಅನ್ನೋ ಚರ್ಚೆ ಇವತ್ತು ಬೇಡ. ತಗೊಳ್ಳೋಕೆ ನಿರ್ಧಾರ ಮಾಡಿದ್ದೀರಿ, ನಾಲ್ಕು ಜನಕ್ಕೆ ಹೇಳಲೇಬೇಕು ಅಂದ್ಕೊಳ್ಳೋಣ. ಆಗ ಏನು ಬರೀಬೇಕು, ಏನು ಬಿಡಬೇಕು, ಬಾಗಿಲು ಹಾಕದೆ ಹೊರಗೆ ಹೋಗೋದು ಹೇಗೆ ಅಂತ ಒಂದು ನಿಜವಾದ ಪೋಸ್ಟ್ ಇಟ್ಕೊಂಡು ನೋಡೋಣ.

ಪೋಸ್ಟ್ ಬರೆದವಳು ಕಾಲೇಜಲ್ಲಿ ನನ್ನ ಜೂನಿಯರ್. ಈಗ ಹಾಸನದಲ್ಲಿದ್ದಾಳೆ, ಮನೆಯಲ್ಲೇ ಬ್ಲೌಸಿಗೆ ಆರಿ ವರ್ಕ್ ಮಾಡಿ ಕೊಡ್ತಾಳೆ. ಆರ್ಡರ್ ಎಲ್ಲಾ ಬರೋದು ಇನ್‌ಸ್ಟಾಗ್ರಾಂ ಪೇಜಿಂದ. ಜನವರಿಯಲ್ಲಿ ಒಂದಿನ ರಾತ್ರಿ, “ಅಕ್ಕ, ಇದನ್ನ ಹಾಕೋದಕ್ಕೆ ಮುಂಚೆ ಒಂದ್ಸಲ ಓದು” ಅಂತ ಕಳಿಸಿದ್ಲು. ಅವಳನ್ನ ಕೇಳಿಯೇ ಇಲ್ಲಿ ಓದ್ತಿದೀನಿ. ಹೆಸರು, ಪೇಜು ಹೇಳಲ್ಲ. ಅವಳು ಬರೆದಿದ್ದು ಇದು:

“ಎಲ್ಲರಿಗೂ ನಮಸ್ಕಾರ. ಈ ಪೋಸ್ಟ್ ಹಾಕೋಕೆ ತುಂಬಾ ದಿನದಿಂದ ಯೋಚನೆ ಮಾಡ್ತಿದ್ದೆ. ಹೇಗೆ ಶುರು ಮಾಡ್ಬೇಕೋ ಗೊತ್ತಾಗ್ತಿಲ್ಲ. 3 ವರ್ಷದಿಂದ ಈ ಪೇಜನ್ನ ನನ್ನ ಮಗು ಥರ ನೋಡ್ಕೊಂಡಿದೀನಿ. ಊಟ ನಿದ್ದೆ ಬಿಟ್ಟು ರೀಲ್ಸ್ ಮಾಡಿದೀನಿ. ಆದ್ರೆ ಇತ್ತೀಚೆಗೆ ಕೆಲವರ ಕಾಮೆಂಟ್ ನೋಡಿದ್ರೆ ಇದೆಲ್ಲಾ ಯಾಕೆ ಬೇಕಿತ್ತು ಅನ್ಸುತ್ತೆ. ರೇಟ್ ಜಾಸ್ತಿ ಅನ್ನೋರು ಒಂದ್ಸಲ ಸೂಜಿ ಹಿಡಿದು ನೋಡಿ. ಹೆಸರು ಹೇಳಲ್ಲ, ಅವರಿಗೇ ಗೊತ್ತು. ಜೊತೆಗೆ ಅಮ್ಮನಿಗೆ ಮೊಣಕಾಲಿನ ಆಪರೇಷನ್ ಇದೆ, ಮನೇಲಿ ನೋಡ್ಕೊಳ್ಳೋಕೆ ನಾನೊಬ್ಳೇ. ಮಾನಸಿಕವಾಗಿ ತುಂಬಾ ಕುಗ್ಗಿದೀನಿ. ಹಾಗಾಗಿ ಸೋಶಿಯಲ್ ಮೀಡಿಯಾದಿಂದ ಬ್ರೇಕ್ ತಗೊಳ್ತಿದೀನಿ. ವಾಪಸ್ ಬರ್ತೀನೋ ಇಲ್ವೋ ಗೊತ್ತಿಲ್ಲ. ಬಹುಶಃ ಇದೇ ನನ್ನ ಕೊನೇ ಪೋಸ್ಟ್. ದಯವಿಟ್ಟು ಯಾರೂ ಮೆಸೇಜ್ ಮಾಡ್ಬೇಡಿ, ರಿಪ್ಲೈ ಮಾಡಲ್ಲ. ಪೆಂಡಿಂಗ್ ಆರ್ಡರ್ ಎಲ್ಲಾ ಖಂಡಿತ ಕೊಡ್ತೀನಿ, ನಂಬಿಕೆ ಇಡಿ. ಇಷ್ಟು ದಿನ ಸಪೋರ್ಟ್ ಮಾಡಿದ ಎಲ್ಲರಿಗೂ ಕೋಟಿ ಧನ್ಯವಾದ. ಏನಾದ್ರೂ ತಪ್ಪಾಗಿದ್ರೆ ಕ್ಷಮಿಸಿ. ಬೈ.”

ಒಟ್ಟು 18 ವಾಕ್ಯ, 95 ಪದ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದ್ರೆ ಬ್ರೇಕ್ ತಗೊಳ್ತಿದೀನಿ ಅನ್ನೋ ಸುದ್ದಿ ಬರೋದೇ 11ನೇ ವಾಕ್ಯದಲ್ಲಿ. ಇನ್‌ಸ್ಟಾಗ್ರಾಂ ಫೀಡಲ್ಲಿ ಕ್ಯಾಪ್ಷನ್ನಿನ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತೆ, ಉಳಿದದ್ದು ‘ಮೋರ್’ ಒತ್ತಿದ್ರೆ. ಅಂದ್ರೆ ಹೆಚ್ಚಿನವರ ಕಣ್ಣಿಗೆ ಬೀಳೋದು “ಹೇಗೆ ಶುರು ಮಾಡ್ಬೇಕೋ ಗೊತ್ತಾಗ್ತಿಲ್ಲ” ಅನ್ನೋವರೆಗೆ. ಅಷ್ಟನ್ನ ಓದಿದವರು ಏನೋ ಅನಾಹುತ ಆಗಿದೆ ಅಂತ ಗಾಬರಿ ಆಗ್ತಾರೆ, ಇಲ್ಲಾ ಸುಮ್ಮನೆ ಮುಂದಕ್ಕೆ ಸ್ಕ್ರೋಲ್ ಮಾಡ್ತಾರೆ.

ಇನ್ನೊಂದು ವಿಷಯ ಇದೆ. ಅವಳ ಕೈಲಿ ಆಗ 6 ಜನರ ಬ್ಲೌಸ್ ಇತ್ತು. 6 ಜನದ್ದೂ ಅಡ್ವಾನ್ಸ್ ಬಂದಿತ್ತು. ಅವರಲ್ಲಿ ಒಬ್ಬರು ಮಗಳ ಮದುವೆಗೆ ಅಂತ ಕೊಟ್ಟಿದ್ರು. ಈಗ ಆ ತಾಯಿ ಜಾಗದಲ್ಲಿ ನಿಂತು ಪೋಸ್ಟ್ ಓದಿ. “ವಾಪಸ್ ಬರ್ತೀನೋ ಇಲ್ವೋ”, “ಕೊನೇ ಪೋಸ್ಟ್”, “ಮೆಸೇಜ್ ಮಾಡ್ಬೇಡಿ”, “ನಂಬಿಕೆ ಇಡಿ”. ದುಡ್ಡು ಕೊಟ್ಟವರ ಕಣ್ಣಿಗೆ ಈ ನಾಲ್ಕು ಮಾತು ಒಟ್ಟಿಗೆ ಬಿದ್ರೆ ಏನನ್ಸುತ್ತೆ? ಹುಡುಗಿ ದುಡ್ಡು ತಗೊಂಡು ಪರಾರಿ ಅಂತ ತಾನೇ? ಅದರ ಸ್ಕ್ರೀನ್‌ಶಾಟ್ ಊರಿನ ಲೇಡೀಸ್ ಗ್ರೂಪಲ್ಲಿ ಒಂದ್ಸಲ ಬಿದ್ರೆ, 3 ವರ್ಷ ಕಟ್ಟಿದ ಹೆಸರು ಒಂದು ರಾತ್ರೀಲಿ ಹೋಗುತ್ತೆ. ಅವಳು ಬರೆದದ್ದು ಸುಸ್ತಿನ ಮಾತು. ಆದ್ರೆ ಓದೋರಿಗೆ ಅದು ಬೇರೆ ಥರ ಕೇಳುತ್ತೆ.

ಹಾಗಾದ್ರೆ ಇಂಥ ಪೋಸ್ಟ್ ಮಾಡಬೇಕಾದ ಕೆಲಸ ಏನು? ನಮ್ಮ ಊರಿನ ಅಂಗಡಿ ಶಟರ್ ಮೇಲೆ ಅಂಟಿಸಿರ್ತಾರಲ್ಲ ಒಂದು ಚೀಟಿ, ಅದನ್ನ ನೆನಪು ಮಾಡ್ಕೊಳ್ಳಿ. “ಮದುವೆ ಪ್ರಯುಕ್ತ ಅಂಗಡಿಗೆ ಸೋಮವಾರದವರೆಗೆ ರಜೆ.” ಕೆಳಗೆ ಒಂದು ಫೋನ್ ನಂಬರ್. ಯಾರ ಮದುವೆ, ಎಷ್ಟು ಸಾಲ ಮಾಡಿದ್ರು, ಯಾವ ನೆಂಟರು ಮುನಿಸ್ಕೊಂಡ್ರು, ಒಂದೂ ಇರಲ್ಲ. ಆದ್ರೂ ಚೀಟಿ ಓದಿದವರಿಗೆ ಬೇಕಾದ್ದೆಲ್ಲಾ ಗೊತ್ತಾಗುತ್ತೆ: ಅಂಗಡಿ ಮುಚ್ಚಿದೆ, ಇಷ್ಟು ದಿನ ಬಿಟ್ಟು ತೆಗೀತಾರೆ, ಅರ್ಜೆಂಟ್ ಇದ್ರೆ ಈ ನಂಬರು. ಬ್ರೇಕ್ ಪೋಸ್ಟ್ ಅಂದ್ರೂ ಇಷ್ಟೇ. ಮುಚ್ಚಿದೆ, ಯಾವಾಗ ತೆಗೆಯುತ್ತೆ, ತುರ್ತಿಗೆ ಎಲ್ಲಿ. ಈ ಮೂರರಲ್ಲಿ ಯಾವ ಕೆಲಸಕ್ಕೂ ಬಾರದ ವಾಕ್ಯಕ್ಕೆ ಆ ಚೀಟಿಯಲ್ಲಿ ಜಾಗ ಇಲ್ಲ.

ಈಗ ಅವಳ 18 ವಾಕ್ಯಗಳನ್ನ ಈ ಅಳತೇಲಿ ನೋಡೋಣ. ಒಂದೊಂದು ವಾಕ್ಯಕ್ಕೂ ಎರಡೇ ಪ್ರಶ್ನೆ ಕೇಳಿ. ಒಂದು, ಇದನ್ನ ಓದಿದವರು ಏನು ಮಾಡಬೇಕು ಅಂತ ಇದು ಹೇಳುತ್ತಾ? ಎರಡು, ನಾನು ವಾಪಸ್ ಬಂದ ದಿನ ಇದು ನನ್ನ ಪ್ರೊಫೈಲಲ್ಲಿ ಹಾಗೇ ಇದ್ರೆ ನನಗೆ ಪರವಾಗಿಲ್ವಾ?

ಮೊದಲು, ಶುರುವಿನ 5 ವಾಕ್ಯ. ಯೋಚನೆ ಮಾಡಿದ್ದು, 3 ವರ್ಷದ ಕಷ್ಟ, ಊಟ ನಿದ್ದೆ ಬಿಟ್ಟಿದ್ದು. ಇದು ಅವಳ ಮನಸ್ಸಿನ ತಯಾರಿ, ಓದೋರಿಗೆ ಸುದ್ದಿ ಅಲ್ಲ. ಏನೋ ಕಷ್ಟದ ವಿಷಯ ಹೇಳೋ ಮುಂಚೆ ನಾವೆಲ್ಲಾ ಗಂಟಲು ಸರಿಮಾಡ್ಕೊಳ್ತೀವಲ್ಲ, ಆ ಥರ. ಬರೆಯೋವಾಗ ಇರಲಿ, ಹಾಕೋವಾಗ ತೆಗೀಬಹುದು. ತೆಗೆದ್ವಿ.

ಆಮೇಲೆ ಕಾಮೆಂಟಿನ 3 ವಾಕ್ಯ. ಇದು ಎಲ್ಲಕ್ಕಿಂತ ಅಪಾಯದ ಜಾಗ. “ಹೆಸರು ಹೇಳಲ್ಲ, ಅವರಿಗೇ ಗೊತ್ತು” ಅಂತ ಬರೆದ್ರೆ, ಆ ಇಬ್ಬರು ಮೂವರನ್ನ ಬಿಟ್ಟು ಬೇರೆ ಎಲ್ಲರೂ ತಮ್ಮ ಬಗ್ಗೆನೇ ಇರಬಹುದು ಅಂದ್ಕೊಳ್ತಾರೆ. ಯಾವತ್ತೋ “ಸ್ವಲ್ಪ ಕಮ್ಮಿ ಮಾಡಿ” ಅಂತ ಕೇಳಿದ ಒಳ್ಳೇ ಗಿರಾಕಿಗೂ ಚುಚ್ಚುತ್ತೆ. ಯಾರಿಗೆ ಚುಚ್ಚಬೇಕಿತ್ತೋ ಅವರು ಕೆಳಗೆ ಬಂದು ಇನ್ನೊಂದು ಕಾಮೆಂಟ್ ಹಾಕ್ತಾರೆ, ಜಗಳ ಶುರು. ನೀವು ಹೊರಗೆ ಹೋಗೋಕೆ ಬರೆದ ಪೋಸ್ಟೇ ನಿಮ್ಮನ್ನ ಒಳಗೆ ಕಟ್ಟಿಹಾಕುತ್ತೆ, ರಾತ್ರಿ 2 ಗಂಟೆಗೆ ರಿಪ್ಲೈ ಬರೀತಾ ಕೂತಿರ್ತೀರಿ. ರೇಟಿನ ಬಗ್ಗೆ ಮಾತಾಡೋದಿದ್ರೆ ಅದು ಬೇರೆ ದಿನದ ಬೇರೆ ಪೋಸ್ಟ್. ಒಂದು ಬ್ಲೌಸಿಗೆ ಎಷ್ಟು ಗಂಟೆ ಕೂರಬೇಕು ಅಂತ ಒಂದು ರೀಲ್ ಮಾಡಿದ್ರೆ ಇದಕ್ಕಿಂತ ಚೆನ್ನಾಗಿ ತಲುಪುತ್ತೆ. ಇಲ್ಲಿ ಬೇಡ, ತೆಗೆದ್ವಿ.

ಅಮ್ಮನ ಆಪರೇಷನ್ ಸಾಲು. ಇದನ್ನ ತೆಗೆಯೋಕೆ ಅವಳು ಒಪ್ಪಲಿಲ್ಲ. “ಕಾರಣ ಹೇಳದೇ ಹೋದ್ರೆ ಸೋಮಾರಿ ಅಂದ್ಕೊಳ್ತಾರೆ ಅಕ್ಕ” ಅಂದ್ಲು. ಅವಳ ಮಾತಲ್ಲಿ ಅರ್ಥ ಇದೆ. ಕಾರಣ ಪೂರ್ತಿ ಬಿಟ್ಟರೂ ಕೆಡುತ್ತೆ, ಅದಕ್ಕೆ ಆಮೇಲೆ ಬರ್ತೀನಿ. ಆದ್ರೆ ಕಾರಣ ಹೇಳೋದು ಬೇರೆ, ವಿವರ ಹೇಳೋದು ಬೇರೆ. ಆಪರೇಷನ್ ಆಗ್ತಿರೋದು ಅಮ್ಮನಿಗೆ. ಸಾವಿರಾರು ಅಪರಿಚಿತರಿಗೆ ತನ್ನ ಮೊಣಕಾಲಿನ ವಿಷಯ ತಿಳಿಯೋದು ಅಮ್ಮನಿಗೆ ಇಷ್ಟ ಇದೆಯಾ ಅಂತ ಯಾರೂ ಕೇಳಿರಲಿಲ್ಲ. ಇನ್ನು “ಮನೇಲಿ ನಾನೊಬ್ಳೇ” ಅನ್ನೋದು. ಬಟ್ಟೆ ಕೊಡೋಕೆ, ತಗೊಳ್ಳೋಕೆ ಜನ ಅವಳ ಮನೆಗೇ ಬರ್ತಾರೆ, ವಿಳಾಸ ಎಷ್ಟೋ ಜನರ ಹತ್ರ ಇದೆ. ಅಂಥ ಪೇಜಲ್ಲಿ ಈ ಮಾತು ಬರೆಯಲೇಬಾರದು. ಹಾಗಾಗಿ ಆ ವಾಕ್ಯ “ಮನೆ ಕಡೆ ಗಮನ ಕೊಡಬೇಕಿದೆ” ಅಂತಾಯ್ತು. ನಿಜವೂ ಹೌದು, ಅದರಾಚೆ ಯಾರೂ ಕೇಳೋ ಹಾಗಿಲ್ಲ. ಹತ್ತಿರದವರು ಕೇಳ್ತಾರೆ, ಅವರಿಗೆ ಫೋನಲ್ಲಿ ಹೇಳಬಹುದು.

“ಮಾನಸಿಕವಾಗಿ ಕುಗ್ಗಿದೀನಿ.” ಇದನ್ನ ಹೇಳೋದು ನಾಚಿಕೆಯ ವಿಷಯ ಅಂತ ನಾನು ಅನ್ನಲ್ಲ. ಆದ್ರೆ ಇದನ್ನ ಓದಿದವರು ಖಂಡಿತ ಏನಾಯ್ತು ಅಂತ ಕೇಳ್ತಾರೆ. ನೂರು ಜನ ಕೇಳ್ತಾರೆ, ಮುಂದಿನ ಸಾಲಲ್ಲಿ ನೀವು ರಿಪ್ಲೈ ಮಾಡಲ್ಲ ಅಂದಿದೀರಿ. ಆಗ ಪ್ರೀತಿಯಿಂದ ಕೇಳಿದವರು ಚಿಂತೇಲಿ ಉಳೀತಾರೆ. ಈ ಮಾತನ್ನ ಇಬ್ಬರಿಗೋ ಮೂವರಿಗೋ ನೇರವಾಗಿ ಹೇಳಿದ್ರೆ ಅವರು ಮನೆಗೆ ಬರ್ತಾರೆ, ಅಡುಗೆ ಮಾಡಿ ಕೊಡ್ತಾರೆ.

ಈಗ ಬಾಗಿಲಿನ ವಿಷಯ. “ವಾಪಸ್ ಬರ್ತೀನೋ ಇಲ್ವೋ ಗೊತ್ತಿಲ್ಲ. ಬಹುಶಃ ಇದೇ ನನ್ನ ಕೊನೇ ಪೋಸ್ಟ್.” ಆ ರಾತ್ರಿ ಅವಳಿಗೆ ಹಾಗೆ ಅನಿಸಿದ್ದು ನಿಜ. ಆದ್ರೆ ಪೋಸ್ಟ್ ಆ ರಾತ್ರಿ ಮಾತ್ರ ಇರಲ್ಲ, ತಿಂಗಳುಗಟ್ಟಲೆ ಅಲ್ಲೇ ಇರುತ್ತೆ. ‘ಕೊನೇ’ ಅಂತ ಬರೆದ ಮೇಲೆ ವಾಪಸ್ ಬರೋಕೆ ಇನ್ನೊಂದು ಪೋಸ್ಟ್ ಬೇಕು, ಯಾಕೆ ಮನಸ್ಸು ಬದಲಾಯ್ತು ಅಂತ ವಿವರಿಸೋಕೆ. ಆ ವಿವರಣೆಗೆ ಹೆದರಿ ಜನ ಬರೋದನ್ನೇ ಮುಂದೂಡ್ತಾರೆ. ನಮ್ಮ ಮನೆಗಳಲ್ಲಿ ಹೊರಡೋವಾಗ ‘ಹೋಗ್ತೀನಿ’ ಅಂದ್ರೆ ಅಜ್ಜಿ ತಡೆದು ನಿಲ್ಲಿಸ್ತಾರಲ್ಲ, “ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನು” ಅಂತ. ಬ್ರೇಕ್ ಪೋಸ್ಟಿಗೂ ಅದೇ ಪಾಠ. ಬಾಗಿಲು ತೆರೆದಿಡೋಕೆ ದೊಡ್ಡ ವಾಕ್ಯ ಬೇಕಿಲ್ಲ, ನಮ್ಮ ಭಾಷೇಲಿ ಎರಡು ಪದ ಸಾಕು.

ಹಾಗಂತ ತಾರೀಖು ಹಾಕಬೇಕಾ? ನಾನು ಬಿ.ಕಾಂ. ಓದಿದವಳು, ನನಗೆ ತಾರೀಖು ಅಂದ್ರೆ ಬಾಕಿ ಪುಸ್ತಕ ನೆನಪಾಗುತ್ತೆ. “ಮಾರ್ಚ್ 15ಕ್ಕೆ ಬರ್ತೀನಿ” ಅಂತ ಬರೆದ ಕೂಡಲೇ ಅದು ನೀವು ತೀರಿಸಬೇಕಾದ ಸಾಲ. 14ನೇ ತಾರೀಖು ರಾತ್ರಿ ಮನಸ್ಸಿಲ್ಲದಿದ್ರೂ ಫೋನ್ ಹಿಡಿದು ಕೂರ್ತೀರಿ. ಅದರ ಬದಲು ನಮ್ಮ ಕ್ಯಾಲೆಂಡರಲ್ಲೇ ಸಡಿಲವಾದ ಗುರುತುಗಳಿವೆ. ಯುಗಾದಿ ಹೊತ್ತಿಗೆ, ಪರೀಕ್ಷೆ ಮುಗಿದ ಮೇಲೆ, ಮಳೆಗಾಲ ಶುರು ಆಗೋವಾಗ. ‘ಹೊತ್ತಿಗೆ’ ಅನ್ನೋ ಪದದಲ್ಲಿ ವಾರ, 10 ದಿನ ಆಚೆ ಈಚೆ ಆದ್ರೂ ಯಾರೂ ಲೆಕ್ಕ ಕೇಳಲ್ಲ. ಮೊಣಕಾಲಿನ ಆಪರೇಷನ್ ಆದ ಮೇಲೆ ಸಲೀಸಾಗಿ ಓಡಾಡೋಕೆ ಕೆಲವು ವಾರ ಬೇಕೇ ಬೇಕು, ಹಾಗಾಗಿ ಜನವರಿಯಿಂದ ಯುಗಾದಿ ಅವಳಿಗೆ ಸರಿಯಾದ ಅಂತರ. ಯಾವಾಗ ಅಂತ ಏನೂ ಗೊತ್ತಿಲ್ಲದಿದ್ರೆ ‘ಸದ್ಯಕ್ಕೆ’ ಅಂತ ಬರೆಯಿರಿ. ‘ಸದ್ಯಕ್ಕೆ ರಜೆ’ ಅನ್ನೋ ಮಾತಲ್ಲಿ ಮುಂದೆ ತೆಗೀತೀವಿ ಅನ್ನೋದೂ ಸೇರಿದೆ.

“ಯಾರೂ ಮೆಸೇಜ್ ಮಾಡ್ಬೇಡಿ” ಅನ್ನೋದೂ ಬಾಗಿಲು ಹಾಕೋ ಮಾತೇ. ಅವಳಿಗೆ ಬೇಡವಾಗಿದ್ದು ರೇಟ್ ಕೇಳೋ ಡಿಎಂಗಳು, ಬೇಕಾಗಿದ್ದು ಆ 6 ಜನರ ಜೊತೆ ಸಂಪರ್ಕ. ಅಂದ್ಮೇಲೆ ಎಲ್ಲರಿಗೂ ಒಂದೇ ಬೀಗ ಯಾಕೆ? “ಹೊಸ ಆರ್ಡರ್ ತಗೊಳ್ತಿಲ್ಲ” ಅಂದ್ರೆ ಮೊದಲನೆಯದು ನಿಲ್ಲುತ್ತೆ. “ಈಗಾಗಲೇ ಆರ್ಡರ್ ಕೊಟ್ಟವರು ಇಲ್ಲಿ ಮೆಸೇಜ್ ಮಾಡಿ” ಅಂದ್ರೆ ಎರಡನೆಯದು ಉಳಿಯುತ್ತೆ.

ಇನ್ನು “ಪೆಂಡಿಂಗ್ ಆರ್ಡರ್ ಎಲ್ಲಾ ಖಂಡಿತ ಕೊಡ್ತೀನಿ, ನಂಬಿಕೆ ಇಡಿ.” ನಂಬಿಕೆ ಇಡಿ ಅಂತ ಯಾರಾದ್ರೂ ಕೇಳಿದ ಕೂಡಲೇ ನಮಗೆ ಅನುಮಾನ ಶುರು ಆಗುತ್ತೆ ಅಲ್ವಾ? ಈ ಮಾತು ಹೇಳಬೇಕಾಗಿದ್ದು 6 ಜನಕ್ಕೆ ಮಾತ್ರ, ಅದೂ ಪೋಸ್ಟ್ ಹಾಕೋದಕ್ಕೆ ಮುಂಚೆ. ಅವಳು ಮಾಡಿದ್ದೂ ಅದನ್ನೇ. ಮಾರನೇ ದಿನ ಒಬ್ಬೊಬ್ಬರಿಗೂ ವಾಟ್ಸಾಪಲ್ಲಿ ಮೆಸೇಜ್ ಹಾಕಿದ್ಲು: “ಮೇಡಂ, ನಿಮ್ಮ ಬ್ಲೌಸ್ ಅರ್ಧ ಆಗಿದೆ, ಫೆಬ್ರವರಿ ಮೊದಲ ವಾರ ಕೊಡ್ತೀನಿ. ತಡ ಅನಿಸಿದ್ರೆ ಅಡ್ವಾನ್ಸ್ ವಾಪಸ್ ಕಳಿಸ್ತೀನಿ.” ನಾಲ್ವರು ಕಾಯ್ತೀವಿ ಅಂದ್ರು, ಒಬ್ಬರು ದುಡ್ಡು ವಾಪಸ್ ತಗೊಂಡ್ರು. ಮದುವೆ ಮನೆಯವರದ್ದನ್ನ ಅವಳು ಆಪರೇಷನ್ನಿಗೆ ಮುಂಚೆಯೇ ಮುಗಿಸಿ ಕೊಟ್ಟಳು. ಇದಾದ ಮೇಲೆ ಪೋಸ್ಟಲ್ಲಿ ಖಂಡಿತ, ನಂಬಿಕೆ ಅನ್ನೋ ಪದಗಳ ಅಗತ್ಯವೇ ಬೀಳಲಿಲ್ಲ. ಪೋಸ್ಟ್ ಚಿಕ್ಕದಾಗಬೇಕು ಅಂದ್ರೆ ಹೀಗೆ ಅದರ ಹಿಂದಿನ ಕೆಲಸ ಮೊದಲು ಮುಗಿದಿರಬೇಕು.

ಕೊನೆಗೆ ಧನ್ಯವಾದ, ಕ್ಷಮಿಸಿ, ಬೈ. ಮೂರೂ ಸೇರಿದ್ರೆ ಬೀಳ್ಕೊಡುಗೆ ಸಮಾರಂಭದ ಭಾಷಣ ಆಗುತ್ತೆ. ಯಾಕೆ ಅಂದ್ರೆ ‘ಇಷ್ಟು ದಿನ’ ಅನ್ನೋ ಮಾತು ಇಲ್ಲಿಗೆ ಮುಗೀತು ಅಂತ ಹೇಳುತ್ತೆ. ವಾಪಸ್ ಬರೋರು ಈಗಲೇ ವಂದನಾರ್ಪಣೆ ಮಾಡೋದು ಬೇಡ.

ಇಷ್ಟೆಲ್ಲಾ ತೆಗೆದ ಮೇಲೆ ಅವಳು ಸಿಟ್ಟಲ್ಲಿ ಒಂದು ಸಾಲು ಬರೆದು ಕಳಿಸಿದ್ಲು: “ಬ್ರೇಕ್ ತಗೊಳ್ತಿದೀನಿ. ಬೈ.” ಚಿಕ್ಕದಾಯ್ತಲ್ಲ, ಸಾಕಾ ಅಂತ. ಸಾಲಲ್ಲ. ಯಾಕೆ ಅನ್ನೋದಕ್ಕೆ ಇಡೀ ದೇಶ ನೋಡಿದ ಒಂದು ಉದಾಹರಣೆ ಇದೆ. 2020ರ ಮಾರ್ಚ್ 2ರಂದು ಪ್ರಧಾನಿ ನರೇಂದ್ರ ಮೋದಿ ಟ್ವೀಟ್ ಮಾಡಿದ್ರು. ಈ ಭಾನುವಾರ ತಮ್ಮ ಸೋಶಿಯಲ್ ಮೀಡಿಯಾ ಖಾತೆಗಳನ್ನ ಬಿಡೋ ಯೋಚನೆ ಇದೆ, ತಿಳಿಸ್ತೀನಿ ಅನ್ನೋ ಅರ್ಥದ್ದು. ತುಂಬಾ ಚಿಕ್ಕ ಟ್ವೀಟ್, ಕಾರಣ ಇಲ್ಲ. ರಾತ್ರಿಯೆಲ್ಲಾ ಟಿವಿ ಚಾನೆಲ್ಲು, ಟ್ವಿಟರ್ರು ಊಹೆಯಲ್ಲೇ ಮುಳುಗಿದ್ವು. ಬಿಡಬೇಡಿ ಅಂತ ಹ್ಯಾಶ್‌ಟ್ಯಾಗ್ ಕೂಡ ಓಡ್ತು. ಮಾರನೇ ದಿನ ವಿಷಯ ಗೊತ್ತಾಯ್ತು: ಆ ಭಾನುವಾರ ಮಾರ್ಚ್ 8, ಮಹಿಳಾ ದಿನ, ಅವತ್ತು ಖಾತೆಗಳನ್ನ ಮಹಿಳೆಯರ ಕೈಗೆ ಕೊಡ್ತಾರೆ ಅಂತ. ಅಲ್ಲಿ ಆ ಕುತೂಹಲದಿಂದ ವಿಷಯಕ್ಕೆ ಪ್ರಚಾರ ಸಿಕ್ತು. ನಮ್ಮ ನಿಮ್ಮಂಥವರಿಗೆ ಆ ಕುತೂಹಲ ಬೇಡ. ಕಾರಣದ ಜಾಗ ಖಾಲಿ ಬಿಟ್ರೆ ಜನ ತಮಗೆ ತೋಚಿದ್ದನ್ನ ಅಲ್ಲಿ ತುಂಬಿಸ್ತಾರೆ. ಬ್ರೇಕಪ್ಪಾ, ಕೆಲಸ ಹೋಯ್ತಾ, ಮದುವೆ ಫಿಕ್ಸಾ? ನಾಲ್ಕು ಪದದ ಒಂದು ಮಾಮೂಲಿ ಕಾರಣ ಈ ಊಹೆಗಳನ್ನ ನಿಲ್ಲಿಸುತ್ತೆ.

ಇದಕ್ಕೆ ಒಳ್ಳೇ ಮಾದರಿ ಬೇಕು ಅಂದ್ರೆ ತಮಿಳಿನ ನಿರ್ದೇಶಕ ಲೋಕೇಶ್ ಕನಕರಾಜ್. ‘ವಿಕ್ರಂ’ ಬಿಡುಗಡೆ ಆದ ಮೇಲೆ, 2022ರ ಆಗಸ್ಟಲ್ಲಿ ಅವರು ಒಂದು ಪೋಸ್ಟ್ ಹಾಕಿದ್ರು. ಎಲ್ಲಾ ಸೋಶಿಯಲ್ ಮೀಡಿಯಾದಿಂದ ಸಣ್ಣ ಬ್ರೇಕ್ ತಗೊಳ್ತಿದೀನಿ, ಮುಂದಿನ ಸಿನಿಮಾದ ಘೋಷಣೆ ಜೊತೆ ಬರ್ತೀನಿ, ಹುಷಾರಾಗಿರಿ. ಅಷ್ಟೇ. ತಾರೀಖು ಇಲ್ಲ, ಆದ್ರೆ ಯಾವ ವಿಷಯ ಇಟ್ಕೊಂಡು ಬರ್ತಾರೆ ಅಂತ ಇದೆ. ಆ ಸಿನಿಮಾ ವಿಜಯ್ ಜೊತೆಗಿನದ್ದು, ಘೋಷಣೆ ಆಗಿದ್ದು 2023ರ ಜನವರಿ ಕೊನೇಲಿ, ಸುಮಾರು 6 ತಿಂಗಳಾದ ಮೇಲೆ. ದಿನ ಹೇಳದೇ ಇದ್ದಿದ್ರಿಂದ ತಡ ಆಯ್ತು ಅನ್ನೋ ಪ್ರಶ್ನೆಯೇ ಬರಲಿಲ್ಲ.

ಸರಿ, ನಮ್ಮ ಹುಡುಗಿಯ ಪೋಸ್ಟ್ ಕೊನೆಗೆ ಹೀಗಾಯ್ತು:

“ಸದ್ಯಕ್ಕೆ ಈ ಪೇಜಿಗೆ ರಜೆ, ಯುಗಾದಿ ಹೊತ್ತಿಗೆ ಮತ್ತೆ ಸಿಗ್ತೀನಿ. ಅಲ್ಲಿವರೆಗೂ ಮನೆ ಕಡೆ ಗಮನ ಕೊಡಬೇಕಿದೆ, ಹೊಸ ಆರ್ಡರ್ ತಗೊಳ್ತಿಲ್ಲ. ಈಗಾಗಲೇ ಆರ್ಡರ್ ಕೊಟ್ಟವರು ಬಯೋದಲ್ಲಿರೋ ವಾಟ್ಸಾಪ್ ನಂಬರಿಗೆ ಮೆಸೇಜ್ ಮಾಡಬಹುದು. ಹೋಗಿ ಬರ್ತೀನಿ.”

4 ವಾಕ್ಯ, 26 ಪದ. ಮುಚ್ಚಿದೆ ಅನ್ನೋದು ಮೊದಲ ಸಾಲಲ್ಲೇ ಇದೆ, ಅದರ ಪಕ್ಕದಲ್ಲೇ ಯಾವಾಗ ಅನ್ನೋದು. ‘ಮೋರ್’ ಒತ್ತದವರಿಗೂ ಮುಖ್ಯ ಸುದ್ದಿ ಗೊತ್ತಾಗುತ್ತೆ. ಮದುವೆ ಮನೆ ತಾಯಿ ಓದಿದ್ರೂ ಗಾಬರಿ ಇಲ್ಲ, ರೇಟಿನ ಬಗ್ಗೆ ಕಾಮೆಂಟ್ ಹಾಕಿದವರು ಓದಿದ್ರೆ ಕಚ್ಚೋಕೆ ಏನೂ ಸಿಗಲ್ಲ.

ಹಾಕೋವಾಗ ಗಮನಿಸಬೇಕಾದ ಎರಡು ವಿಷಯ ಹೇಳಿಬಿಡ್ತೀನಿ. ಮೊದಲನೆಯದು, ಎಲ್ಲಿ ಹಾಕ್ತೀರಿ ಅನ್ನೋದು. ಸ್ಟೋರಿ 24 ಗಂಟೆಗೆ ಹೋಗಿಬಿಡುತ್ತೆ, 2 ತಿಂಗಳ ರಜೆಗೆ ಅದೊಂದೇ ಸಾಲಲ್ಲ. ಮಾಮೂಲಿ ಪೋಸ್ಟ್ ಹಾಕಿ, ಮೂರು ಚುಕ್ಕಿಯ ಮೆನುವಿಗೆ ಹೋಗಿ ಅದನ್ನ ಪ್ರೊಫೈಲಿನ ಮೇಲ್ಗಡೆ ಪಿನ್ ಮಾಡಿ. ಬಯೋದಲ್ಲಿ “ಯುಗಾದಿವರೆಗೆ ರಜೆ” ಅಂತ ಸೇರಿಸಿ. ಫೆಬ್ರವರಿಯಲ್ಲಿ ಹೊಸದಾಗಿ ಪೇಜಿಗೆ ಬರೋರು ನೋಡೋದು ಅದನ್ನೇ. ವಾಟ್ಸಾಪ್ ಬಿಸಿನೆಸ್ ಇದ್ರೆ ಅದರಲ್ಲಿ ‘ಅವೇ ಮೆಸೇಜ್’ ಅಂತ ಒಂದು ಸೌಲಭ್ಯ ಇದೆ, ಯಾರೇ ಮೆಸೇಜ್ ಮಾಡಿದ್ರೂ ನೀವು ಬರೆದಿಟ್ಟ ಉತ್ತರ ತಾನಾಗೇ ಹೋಗುತ್ತೆ. ಅಲ್ಲೂ ಇದೇ ಎರಡು ಸಾಲು ಇಡಿ.

ಎರಡನೆಯದು, ಖಾತೆಯನ್ನ ಏನು ಮಾಡ್ತೀರಿ ಅನ್ನೋದು. ಎಷ್ಟೋ ಜನ ಪೋಸ್ಟ್ ಹಾಕಿ ಆ ಕೂಡಲೇ ಡಿಆಕ್ಟಿವೇಟ್ ಮಾಡ್ತಾರೆ. ಇನ್‌ಸ್ಟಾಗ್ರಾಂನಲ್ಲಿ ಡಿಆಕ್ಟಿವೇಟ್ ಮಾಡಿದ್ರೆ ಇಡೀ ಪ್ರೊಫೈಲ್ ಮರೆಯಾಗುತ್ತೆ, ಅದರ ಜೊತೆ ನೀವು ಕಷ್ಟಪಟ್ಟು ಬರೆದ ರಜೆ ಚೀಟಿಯೂ ಮರೆಯಾಗುತ್ತೆ. ಹುಡುಕಿದವರಿಗೆ ಪೇಜೇ ಸಿಗಲ್ಲ. ಮತ್ತೆ ಲಾಗಿನ್ ಆದ್ರೆ ಎಲ್ಲಾ ವಾಪಸ್ ಬರುತ್ತೆ ನಿಜ, ಆದ್ರೆ ಅಷ್ಟರಲ್ಲಿ ಅನುಮಾನ ಹುಟ್ಟಿರುತ್ತೆ. ಎಕ್ಸ್, ಅಂದ್ರೆ ಹಳೇ ಟ್ವಿಟರಲ್ಲಿ ಇನ್ನೂ ಹುಷಾರಾಗಿರಬೇಕು. ಅಲ್ಲಿ ಡಿಆಕ್ಟಿವೇಟ್ ಮಾಡಿ 30 ದಿನ ಲಾಗಿನ್ ಆಗದೇ ಇದ್ರೆ ಖಾತೆ ಅಳಿಸಿಹೋಗುತ್ತೆ. 2 ತಿಂಗಳು ಬಿಟ್ಟು ಬರ್ತೀನಿ ಅಂತ ಬರೆದವರಿಗೆ ಬರೋಕೆ ಮನೆಯೇ ಇರಲ್ಲ. ಬಾಗಿಲು ತೆರೆದಿಡಬೇಕು ಅಂದ್ರೆ ಖಾತೆ ಹಾಗೇ ಇರಲಿ, ನಿಮ್ಮ ಫೋನಿಂದ ಆ್ಯಪ್ ಮಾತ್ರ ತೆಗೀರಿ.

ಹೊರಡೋ ಮುಂಚೆ ಒಂದು ಪರೀಕ್ಷೆ ಇದೆ. ಪೋಸ್ಟ್ ಹಾಕೋವಾಗ, ಯಾರ್ಯಾರು ಏನು ಕಾಮೆಂಟ್ ಮಾಡ್ತಾರೆ ನೋಡೋಣ ಅನ್ನೋ ಆಸೆ ಇದ್ರೆ, ಪೋಸ್ಟಲ್ಲಿ ಇನ್ನೂ ಏನೋ ಹೆಚ್ಚಾಗಿದೆ ಅಂತ ಅರ್ಥ. ಅವತ್ತೇ ರಾತ್ರಿ ಹತ್ತು ಸಲ ತೆಗೆದು ನೋಡ್ತೀರಿ, ಬ್ರೇಕ್ ಶುರುವೇ ಆಗಲ್ಲ. ಚೀಟಿ ಅಂಟಿಸಿದ ಅಂಗಡಿಯವರು ಎದುರು ನಿಂತು ಯಾರು ಓದ್ತಾರೆ ಅಂತ ನೋಡಲ್ಲ. ಬೇಕಿದ್ರೆ ಆ ಒಂದು ಪೋಸ್ಟಿಗೆ ಕಾಮೆಂಟ್ ಆಫ್ ಮಾಡಿ, ಇನ್‌ಸ್ಟಾಗ್ರಾಂನಲ್ಲಿ ಅದಕ್ಕೆ ಅವಕಾಶ ಇದೆ.

ಈ ಸೂತ್ರ ಎಲ್ಲದಕ್ಕೂ ಆಗಲ್ಲ. ಯಾರೋ ನಿಮ್ಮನ್ನ ಹಿಂಬಾಲಿಸ್ತಿದ್ರೆ, ಬೆದರಿಸ್ತಿದ್ರೆ ಬಾಗಿಲು ತೆರೆದಿಡೋ ಮಾತೇ ಬೇಡ. ಯಾವಾಗ ಬರ್ತೀನಿ, ಎಲ್ಲಿ ಸಿಗ್ತೀನಿ ಅಂತ ಅಂಥವರಿಗೆ ತಿಳಿಸಬಾರದು. ಪೋಸ್ಟೇ ಹಾಕದೆ, ಬೇಕಾದವರಿಗೆ ಮಾತ್ರ ಫೋನಲ್ಲಿ ಹೇಳಿ ಹೊರಗೆ ಬನ್ನಿ. ಇನ್ನೊಂದು, ‘ಕೊನೇ ಪೋಸ್ಟ್’ ಅಂತ ಬರೆಯೋ ಕೈ ನಿಜವಾಗಿಯೂ ಬದುಕಿನ ಬಗ್ಗೆಯೇ ಬರೀತಿದೆ ಅನಿಸಿದ್ರೆ, ಆಗ ತಿದ್ದಬೇಕಾಗಿರೋದು ಪೋಸ್ಟನ್ನಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಗೆಳೆಯರ ಪೋಸ್ಟಲ್ಲಿ ಅಂಥ ಸಾಲು ಕಂಡ್ರೆ ಕೆಳಗೆ ಹಾರ್ಟ್ ಇಮೋಜಿ ಹಾಕಿ ಸುಮ್ಮನಾಗಬೇಡಿ, ಅವತ್ತೇ ಫೋನ್ ಮಾಡಿ.

ಬರೋ ದಿನದ ಬಗ್ಗೆ ಒಂದು ಮಾತು. ಹೋಗೋವಾಗ ಕಮ್ಮಿ ಹೇಳಿದವರಿಗೆ ಬರೋವಾಗಲೂ ಹೆಚ್ಚು ಹೇಳಬೇಕಾಗಿಲ್ಲ. “ಎಲ್ಲರಿಗೂ ಗೊತ್ತಿರೋ ಹಾಗೆ ನಾನು ಕಷ್ಟದಲ್ಲಿದ್ದೆ” ಅಂತ ಶುರು ಮಾಡೋ ಪ್ರಮೇಯವೇ ಇಲ್ಲ, ಯಾರಿಗೂ ಏನೂ ಗೊತ್ತಿಲ್ಲವಲ್ಲ. ಹುಡುಗಿ ಯುಗಾದಿ ಆಗಿ 9 ದಿನಕ್ಕೆ ಬಂದ್ಲು. ಪಿನ್ ತೆಗೆದು, ಬಯೋದಿಂದ ರಜೆ ಅಳಿಸಿ, ಹಸಿರು ಬ್ಲೌಸಿನ ತೋಳಿನ ಮೇಲೆ ಮಾವಿನಕಾಯಿ ಡಿಸೈನ್ ಹಾಕಿದ ಒಂದು ಫೋಟೋ ಹಾಕಿದ್ಲು. ಕೆಳಗೆ ಎರಡೇ ಪದ: “ಆರ್ಡರ್ ಓಪನ್.” 9 ದಿನ ಯಾಕೆ ತಡ ಅಂತ ಯಾರೂ ಕೇಳಲಿಲ್ಲ. ಒಬ್ಬರು ಮಾತ್ರ ಕಾಮೆಂಟ್ ಹಾಕಿದ್ರು, ರೇಟ್ ಎಷ್ಟು ಅಂತ.

ನಿಮ್ಮ ಡ್ರಾಫ್ಟಲ್ಲಿ ಇಂಥದ್ದೊಂದು ಪೋಸ್ಟ್ ಕೂತಿದ್ರೆ ಇವತ್ತು ತೆಗೆದು ವಾಕ್ಯ ಎಣಿಸಿ. ನಾಲ್ಕಕ್ಕಿಂತ ಹೆಚ್ಚಿದ್ರೆ ಆ ಎರಡು ಪ್ರಶ್ನೆ ಕೇಳ್ತಾ ಬನ್ನಿ. ಮುಂದಿನ ವಾರ ಸಿಗೋಣ, ಹೋಗಿ ಬರ್ತೀನಿ.